ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹಳೆಯ ಗುಳಿಗೆಗಳನ್ನು ಏನು ಮಾಡಬೇಕು?

ಪ್ರಶ್ನೆ: ನಮ್ಮ ಹಿರಿಯ ನಾಗರಿಕರ ಕೂಟದಲ್ಲಿ ಔಷಧಿಗಳ ಬಗ್ಗೆ ನಿಮ್ಮ ಮಾತು ಕೇಳಿದೆ ಸರ್. ಮನೆಗೆ ಬಂದು ಔಷಧಿ ಡಬ್ಬಿ ತೆಗೆದು ನೋಡಿದಾಗಿನಿಂದ ಹೆದರಿಕೆ ಆಗಿದೆ. ನಮ್ಮ ಯಜಮಾನರಿಗೆ 74 ವರ್ಷ. ಬಿ.ಪಿ., ಶುಗರ್, ಥೈರಾಯ್ಡ್ ಇದೆ. ಮೊದಲಿನಿಂದಲೂ ಧಾರವಾಡದ ಡಾಕ್ಟರ ಔಷಧಿ. ಮೂರು ವಾರದ ಹಿಂದೆ ಜ್ವರ, ಕೆಮ್ಮು ಜಾಸ್ತಿಯಾಗಿ ಇಲ್ಲಿಯ ಆಸ್ಪತ್ರೆಯಲ್ಲಿ ಐದು ದಿನ ಇದ್ದರು. ಬರುವಾಗ ಹೊಸ ಗುಳಿಗೆ ಬರೆದುಕೊಟ್ಟರು. ಹಳೆಯದನ್ನು ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ, ಹಾಗಾಗಿ ಎರಡನ್ನೂ ಕೊಡುತ್ತಿದ್ದೇನೆ. ಈಗ ಬೆಳಗ್ಗೆ ಎದ್ದು ನಿಂತರೆ ತಲೆ ತಿರುಗುತ್ತದೆ ಅನ್ನುತ್ತಾರೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಮೈ ಬೆವರಿ ಕೈ ನಡುಗುತ್ತದೆ. ಪಕ್ಕದ ಮನೆಯವರು ಎಲ್ಲವನ್ನೂ ಅರ್ಧ ಮಾಡಿ ಕೊಡಿ ಅನ್ನುತ್ತಾರೆ. ಮಗ ನಾಲ್ಕು ದಿನ ಎಲ್ಲ ನಿಲ್ಲಿಸಿ ನೋಡೋಣ ಅನ್ನುತ್ತಾನೆ. ಎರಡೂ ಚೀಟಿ, ಡಬ್ಬಿಯಲ್ಲಿರುವ ಗುಳಿಗೆಗಳ ಫೋಟೋ ಕಳಿಸಿದ್ದೇನೆ. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಕ್ಕಾ, ಫೋಟೋ ನೋಡಿದ ದಿನವೇ ನಿಮಗೆ ಫೋನ್ ಮಾಡಿದ್ದೆ. ನಾನು ಫಾರ್ಮಸಿಸ್ಟ್, ಡಾಕ್ಟರಲ್ಲ. ಅದಕ್ಕೇ ನಾಳೆ ಬೆಳಗಿನ ಗುಳಿಗೆ ಕೊಡುವ ಮೊದಲು ಆಸ್ಪತ್ರೆಯ ಡಾಕ್ಟರ ಹತ್ತಿರ ಮಾತಾಡಿ ಅಂದಿದ್ದೆ, ನೀವು ಮಾತಾಡಿದಿರಿ. ಈಗ ಯಜಮಾನರು ಆರಾಮಾಗಿದ್ದಾರೆ ಅಂತ ಕೇಳಿ ಸಮಾಧಾನವಾಯಿತು. ಆದರೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಕೂಟದಲ್ಲಿ ಅವತ್ತು ಮಾತು ಮುಗಿದ ಮೇಲೆ ಹಲವರು ತಮ್ಮ ಡಬ್ಬಿ ತೆರೆದು ತೋರಿಸಿದರು. ನಿಮ್ಮ ಮನೆಯಲ್ಲಿ ಆದದ್ದು ಅವರಲ್ಲೂ ಕೆಲವರ ಮನೆಯಲ್ಲಿ ಆಗುತ್ತಿದೆ. ನಿಮ್ಮ ಒಪ್ಪಿಗೆ ಕೇಳಿಯೇ ಗುಳಿಗೆಗಳ ವಿವರ ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡೋಣ. ಧಾರವಾಡದ ಚೀಟಿಯಲ್ಲಿ ಮೂರು ಗುಳಿಗೆ ಇವೆ. ಬಿ.ಪಿ.ಗೆ ಟೆಲ್ಮಿಸಾರ್ಟನ್ 40. ಶುಗರ್‌ಗೆ ಗ್ಲಿಮೆಪಿರೈಡ್ 1 ಮತ್ತು ಮೆಟ್‌ಫಾರ್ಮಿನ್ 500 ಸೇರಿದ ಒಂದು ಗುಳಿಗೆ. ಥೈರಾಯ್ಡ್‌ಗೆ ಥೈರಾಕ್ಸಿನ್ 50 ಮೈಕ್ರೋಗ್ರಾಂ. ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡಿನಲ್ಲಿ ಐದು ದಿನದ ಆಂಟಿಬಯಾಟಿಕ್ ಮತ್ತು ಅದರ ಜೊತೆಗಿನ ಆಸಿಡಿಟಿ ಗುಳಿಗೆ ಮುಗಿದುಹೋಗಿವೆ. ಉಳಿದಿರುವುದು ಎರಡು. ಬಿ.ಪಿ.ಗೆ ಟೆಲ್ಮಿಸಾರ್ಟನ್ 40 ಮತ್ತು ಅಮ್ಲೋಡಿಪಿನ್ 5 ಸೇರಿದ ಗುಳಿಗೆ. ಶುಗರ್‌ಗೆ ಗ್ಲಿಮೆಪಿರೈಡ್ 1 ಮತ್ತು ಮೆಟ್‌ಫಾರ್ಮಿನ್ 500 ಸೇರಿದ ಗುಳಿಗೆ.

ಗಮನಿಸಿದಿರಾ? ಶುಗರ್ ಗುಳಿಗೆ ಎರಡೂ ಕಡೆ ಒಂದೇ. ಕಂಪನಿ ಬೇರೆ, ಹೆಸರು ಬೇರೆ, ಒಂದರ ಬಣ್ಣ ಬಿಳಿ, ಇನ್ನೊಂದರದು ಹಳದಿ. ಒಳಗಿರುವುದು ಅದೇ ಔಷಧಿ, ಅದೇ ಪ್ರಮಾಣ. ಬಿ.ಪಿ. ಗುಳಿಗೆಯದ್ದು ಸ್ವಲ್ಪ ಬೇರೆ ಕಥೆ. ಹಳೆಯ ಗುಳಿಗೆ ಹೊಸ ಗುಳಿಗೆಯ ಹೊಟ್ಟೆಯೊಳಗೆ ಸೇರಿಕೊಂಡಿದೆ. ಆಸ್ಪತ್ರೆಯ ಡಾಕ್ಟರು ಹಳೆಯದನ್ನು ಹಾಗೇ ಇಟ್ಟು, ಅದಕ್ಕೆ ಅಮ್ಲೋಡಿಪಿನ್ ಸೇರಿಸಿ ಒಂದೇ ಗುಳಿಗೆಯಾಗಿ ಬರೆದಿದ್ದಾರೆ. ಇದನ್ನು ಹಳೆಯದರ ಬದಲಿಗೆ ತೆಗೆದುಕೊಳ್ಳಬೇಕಿತ್ತು. ಎರಡೂ ಹೋದದ್ದರಿಂದ ಯಜಮಾನರಿಗೆ ದಿನಕ್ಕೆ ಟೆಲ್ಮಿಸಾರ್ಟನ್ 80 ಆಯಿತು, ಮೇಲಿಂದ ಅಮ್ಲೋಡಿಪಿನ್ 5. ಗ್ಲಿಮೆಪಿರೈಡ್ 2 ಆಯಿತು.

ಟೆಲ್ಮಿಸಾರ್ಟನ್ 80 ಅಂದರೆ ವಿಷದ ಪ್ರಮಾಣ ಏನಲ್ಲ. ಅಷ್ಟನ್ನು ಡಾಕ್ಟರೇ ಬರೆಯುವುದುಂಟು. ಗ್ಲಿಮೆಪಿರೈಡ್ 2 ಕೂಡ ಹಾಗೆಯೇ. ಆದರೆ ಡಾಕ್ಟರು ಏರಿಸುವಾಗ ಬಿ.ಪಿ., ಶುಗರ್ ನೋಡಿಕೊಂಡು, ಮೆಲ್ಲಗೆ, ಒಂದೊಂದನ್ನೇ ಏರಿಸುತ್ತಾರೆ. ಇಲ್ಲಿ ಯಾರಿಗೂ ಗೊತ್ತಿಲ್ಲದೆ ಎರಡೂ ಒಟ್ಟಿಗೆ ಏರಿದವು. ಅದೂ ಜ್ವರ ಬಿಟ್ಟು, ಬಾಯಿ ರುಚಿ ಇಲ್ಲದೆ, ಅರ್ಧ ಚಪಾತಿ ತಿನ್ನುತ್ತಿದ್ದ ದಿನಗಳಲ್ಲಿ.

ನೀವು ಫೋನಿನಲ್ಲಿ ಒಂದು ಮಾತು ಕೇಳಿದಿರಿ: "ಗುಳಿಗೆಯಿಂದಲೇ ಆಗಿದ್ದರೆ ಮೊದಲ ದಿನವೇ ತಲೆ ತಿರುಗಬೇಕಿತ್ತಲ್ವಾ? ಮೊದಲ ವಾರ ಚೆನ್ನಾಗೇ ಇದ್ದರು." ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ, ಅದಕ್ಕೇ ಗುಳಿಗೆಯ ಮೇಲೆ ಅನುಮಾನ ಬರುವುದಿಲ್ಲ. ಅಮ್ಲೋಡಿಪಿನ್ ಮೈಯಿಂದ ಬಹಳ ನಿಧಾನವಾಗಿ ಹೊರಗೆ ಹೋಗುವ ಔಷಧಿ. ದಿನಾ ಒಂದರಂತೆ ತೆಗೆದುಕೊಂಡರೆ ಪೂರ್ತಿ ಮಟ್ಟಕ್ಕೆ ಬರಲು ಒಂದು ವಾರದ ಹತ್ತಿರ ಬೇಕು. ಟೆಲ್ಮಿಸಾರ್ಟನ್‌ನ ಪೂರ್ತಿ ಪರಿಣಾಮ ಕಾಣಲು ಕೆಲವು ವಾರಗಳೇ ಹಿಡಿಯುತ್ತವೆ. ಹಾಗಾಗಿ ತೊಂದರೆ ಎರಡನೇ, ಮೂರನೇ ವಾರದಲ್ಲಿ ಮೆಲ್ಲಗೆ ತಲೆ ಎತ್ತುತ್ತದೆ. ಅಷ್ಟರಲ್ಲಿ ಮನೆಯವರು "ವಯಸ್ಸಾಯಿತು, ಜ್ವರದ ನಿಶ್ಶಕ್ತಿ" ಅಂತ ತೀರ್ಮಾನ ಮಾಡಿಬಿಟ್ಟಿರುತ್ತಾರೆ.

ತಲೆ ತಿರುಗುವುದು ಬಿ.ಪಿ. ಇಳಿದದ್ದರಿಂದಲೋ ಅಲ್ಲವೋ ಎಂದು ಮನೆಯಲ್ಲೇ ನೋಡಬಹುದು. ನಿಮ್ಮ ಹತ್ತಿರ ಮಷಿನ್ ಇತ್ತು. ನಾನು ಹೇಳಿದ ಹಾಗೆ ಬೆಳಗ್ಗೆ ಹಾಸಿಗೆಯಲ್ಲಿ ಐದು ನಿಮಿಷ ಮಲಗಿಸಿಯೇ ಒಮ್ಮೆ ಅಳೆದಿರಿ. ಆಮೇಲೆ ಎಬ್ಬಿಸಿ ನಿಲ್ಲಿಸಿ, ನಿಂತು ಒಂದು ನಿಮಿಷವಾದಾಗ ಒಮ್ಮೆ, ಮೂರು ನಿಮಿಷವಾದಾಗ ಇನ್ನೊಮ್ಮೆ. ಮಲಗಿದ್ದಾಗ 118/70 ಇತ್ತು, ನಿಂತ ಮೇಲೆ 94/58 ಬಂತು. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಇಲ್ಲವೇ ಕೆಳಗಿನದು 10 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತಿಳಿಸಲೇಬೇಕು. ಮಲಗಿದ್ದಾಗ ಮಾತ್ರ ಅಳೆದಿದ್ದರೆ ನಿಮಗೆ 118 ಅಷ್ಟೇ ಕಾಣುತ್ತಿತ್ತು, "ಬಿ.ಪಿ. ಫಸ್ಟ್ ಕ್ಲಾಸ್" ಅಂತ ಸುಮ್ಮನಾಗುತ್ತಿದ್ದಿರಿ. ಹೀಗೆ ಅಳೆಯುವಾಗ ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ತೀರಾ ತಲೆ ತಿರುಗಿದರೆ ಮೂರು ನಿಮಿಷ ಆಗಲಿ ಅಂತ ಕಾಯದೆ ಕೂರಿಸಿಬಿಡಿ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಅದು ಬಿ.ಪಿ.ಗಿಂತ ದೊಡ್ಡ ಕಷ್ಟ.

ಊಟಕ್ಕೆ ಮುಂಚಿನ ಬೆವರು, ನಡುಕಕ್ಕೆ ಕಾರಣ ಬೇರೆ. ಅದು ಶುಗರ್ ಇಳಿದ ಗುರುತು. ಗ್ಲಿಮೆಪಿರೈಡ್ ಹೊಟ್ಟೆಗೆ ಹೋದ ಎರಡು ಮೂರು ಗಂಟೆಗೆ ಜೋರಾಗಿರುತ್ತದೆ. ಎಂಟೂವರೆಗೆ ಗುಳಿಗೆ, ಜೊತೆಗೆ ಎರಡು ಚಮಚ ಉಪ್ಪಿಟ್ಟು, ಆಮೇಲೆ ಒಂದು ಗಂಟೆಯವರೆಗೆ ಬರಿ ಚಹಾ. ಹನ್ನೊಂದೂವರೆಗೆ ಬೆವರು ಬರುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಆ ಹೊತ್ತಿಗೆ ಗ್ಲುಕೋಮೀಟರ್‌ನಲ್ಲಿ ನೋಡಿದಾಗ 61 ಬಂತು. 70ಕ್ಕಿಂತ ಕೆಳಗೆ ಬಂದರೆ ಅದು ಕಡಿಮೆಯೇ, ಕಾಯುವ ಮಾತಿಲ್ಲ. ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಇನ್ನೂ 70ಕ್ಕಿಂತ ಕಡಿಮೆ ಇದ್ದರೆ ಇನ್ನೊಮ್ಮೆ ಕೊಡಬೇಕು. ಸರಿಹೋದ ಮೇಲೂ ಬಿಡಬಾರದು, ಊಟ ಮಾಡಿಸಬೇಕು. ಯಾಕೆಂದರೆ ಈ ಗುಳಿಗೆಯ ಕೆಲಸ ದಿನವಿಡೀ ಇರುತ್ತದೆ, ಸಕ್ಕರೆ ನೀರಿನ ಬಲ ಬೇಗ ಇಳಿಯುತ್ತದೆ, ಶುಗರ್ ಮತ್ತೆ ಬೀಳಬಹುದು. ಮಾತು ತೊದಲುತ್ತಿದ್ದರೆ, ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕಬೇಡಿ. ಅದು ಶ್ವಾಸನಾಳಕ್ಕೆ ಹೋದೀತು. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಥವಾ 108ಕ್ಕೆ ಫೋನ್ ಮಾಡಿ. ಹಿರಿಯರಲ್ಲಿ ಬೆವರು, ನಡುಕ ಇಲ್ಲದೆಯೂ ಶುಗರ್ ಇಳಿಯುವುದುಂಟು. ಸುಮ್ನೆ ಸಿಡುಕುವುದು, ಮಾತಿಗೆ ಮಾತು ಕೂಡದಿರುವುದು, ಬಾಗಿಲು ಯಾವ ಕಡೆ ಅಂತ ಗೊಂದಲ, ಇಷ್ಟೇ ಕಾಣಬಹುದು. ಗುಳಿಗೆ ತೆಗೆದುಕೊಳ್ಳುವವರಲ್ಲಿ ಇಂಥದ್ದು ಕಂಡರೆ ಮೊದಲು ಬೆರಳು ಚುಚ್ಚಿ ನೋಡಿ.

ಇನ್ನು ನಿಮಗೆ ಸಿಕ್ಕ ಎರಡು ಸಲಹೆಗಳು. "ಎಲ್ಲ ಅರ್ಧ ಮಾಡಿ" ಅನ್ನುವುದು ಕೇಳಲು ಸುಲಭ, ಮಾಡಿದರೆ ಲೆಕ್ಕವೇ ತಪ್ಪುತ್ತದೆ. ನಿಮ್ಮ ಶುಗರ್ ಗುಳಿಗೆಯ ಹೆಸರಿನ ಕೊನೆಗೆ ಎಸ್‌ಆರ್ ಅಂತ ಇದೆ. ಅದರೊಳಗಿನ ಮೆಟ್‌ಫಾರ್ಮಿನ್ ಗಂಟೆಗಟ್ಟಲೆ ಮೆಲ್ಲಗೆ ಬಿಡುಗಡೆಯಾಗುವಂತೆ ಮಾಡಿರುತ್ತಾರೆ. ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತಿದ್ದರೆ ಡಾಕ್ಟರನ್ನೋ ಔಷಧಿ ಅಂಗಡಿಯ ಫಾರ್ಮಸಿಸ್ಟನ್ನೋ ಕೇಳದೆ ಮುರಿಯುವಂತಿಲ್ಲ, ಪುಡಿಯಂತೂ ಮಾಡಲೇಬಾರದು. ಥೈರಾಕ್ಸಿನ್ ಅರ್ಧ ಮಾಡಿದರೆ ಅದೊಂದು ಹೊಸ ತೊಂದರೆ, ಅದಕ್ಕೂ ತಲೆ ತಿರುಗುವುದಕ್ಕೂ ಸಂಬಂಧವೇ ಇಲ್ಲ.

ಮಗ ಹೇಳಿದ್ದು ಪ್ರೀತಿಯಿಂದಲೇ, ಆದರೆ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸುವುದು ಅದಕ್ಕಿಂತ ಅಪಾಯ. ಬಿ.ಪಿ., ಶುಗರ್ ಎರಡೂ ಏರುತ್ತವೆ, ಏರಿದ್ದು ಮೈಗೆ ಗೊತ್ತಾಗುವುದೂ ಇಲ್ಲ. ನಿಮ್ಮ ಯಜಮಾನರ ಪಟ್ಟಿಯಲ್ಲಿ ಇಲ್ಲ, ಆದರೆ ಬೇರೆ ಓದುಗರಿಗಾಗಿ ಹೇಳುತ್ತೇನೆ: ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಹೃದಯದ ಗುಳಿಗೆ, ಫಿಟ್ಸ್ ಗುಳಿಗೆ, ಬಹಳ ದಿನ ತೆಗೆದುಕೊಂಡ ಸ್ಟೀರಾಯ್ಡ್, ಇವನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಬರಬಹುದು.

ಮೂರನೇ ದಾರಿಯನ್ನು ತುಂಬ ಜನ ತಾವೇ ಹಿಡಿಯುತ್ತಾರೆ: ಹಳೆಯದೆಲ್ಲ ಬಂದ್, ಇನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಇರುವುದು ಮಾತ್ರ. ಇದು ಅರ್ಧ ಸರಿ. ಎರಡು ಚೀಟಿಯಲ್ಲಿ ಒಂದೇ ಔಷಧಿ ಇದ್ದಾಗ ಸಾಮಾನ್ಯವಾಗಿ ಹೊಸ ಚೀಟಿಯೇ ಮಾನ್ಯ. ಆದರೆ ನಿಮ್ಮ ಕಾರ್ಡನ್ನು ಮತ್ತೊಮ್ಮೆ ನೋಡಿ, ಅದರಲ್ಲಿ ಥೈರಾಕ್ಸಿನ್ ಇಲ್ಲ. ಆಸ್ಪತ್ರೆಯವರು ಬೇಡವೆಂದು ತೆಗೆದದ್ದಲ್ಲ. ಸೇರಿಸುವಾಗ "ಯಾವ ಔಷಧಿ ನಡೆದಿದೆ?" ಅಂತ ಕೇಳಿದಾಗ ನೀವು ಗಾಬರಿಯಲ್ಲಿ ಬಿ.ಪಿ., ಶುಗರ್ ಮಾತ್ರ ಹೇಳಿದಿರಿ. ಅಂಥ ಹೊತ್ತಿನಲ್ಲಿ ಯಾರಿಗಾದರೂ ಅಷ್ಟೇ ನೆನಪಾಗುವುದು. ಹಾಗಾಗಿ ಕಾರ್ಡಿನಲ್ಲಿ ಇಲ್ಲದ ಗುಳಿಗೆಯನ್ನು ನಿಲ್ಲಿಸಿದ್ದಾರೆ ಅಂತ ನಾವೇ ಅರ್ಥ ಮಾಡಿಕೊಳ್ಳಬಾರದು. "ಇದನ್ನು ನಿಲ್ಲಿಸಿದ್ದೀರೋ, ಮುಂದುವರಿಸಬೇಕೋ?" ಅಂತ ಒಂದೊಂದರ ಹೆಸರು ಹಿಡಿದು ಕೇಳಬೇಕು. ನೀವು ಕೇಳಿದಿರಿ. ಹಳೆಯ ಟೆಲ್ಮಿಸಾರ್ಟನ್ ಮತ್ತು ಹಳೆಯ ಶುಗರ್ ಗುಳಿಗೆ ಬಂದ್, ಹೊಸವೆರಡು ಮುಂದುವರಿಯಲಿ, ಥೈರಾಕ್ಸಿನ್ ಇದ್ದ ಹಾಗೆ ಇರಲಿ ಅಂತ ಡಾಕ್ಟರು ಹೇಳಿದರು. ನಾನು ಹೇಳಬೇಕು ಅಂದುಕೊಂಡ ದಾರಿಯೂ ಅದೇ. ಆದರೆ ಆ ಮಾತು ಡಾಕ್ಟರ ಬಾಯಿಂದಲೇ ಬರಬೇಕಿತ್ತು. ಆಸ್ಪತ್ರೆಯಲ್ಲಿ ಬಿ.ಪಿ. ಎಷ್ಟಿತ್ತು, ಅಮ್ಲೋಡಿಪಿನ್ ಯಾಕೆ ಸೇರಿಸಿದರು ಅನ್ನುವುದು ಅವರಿಗೇ ಗೊತ್ತಿರುವುದು.

ಈಗ ನೀವು ಬರೆಯದೇ ಇದ್ದ, ಆದರೆ ಫೋಟೋದ ಮೂಲೆಯಲ್ಲಿ ಕಂಡ ಒಂದು ಗುಳಿಗೆಯ ವಿಷಯ. ಶ್ರೀಖಂಡದ ಆ ಡಬ್ಬಿಯಲ್ಲಿ, ಕತ್ತರಿಸಿದ ಬೆಳ್ಳಿ ಬಣ್ಣದ ತುಂಡುಗಳ ನಡುವೆ, ಅರ್ಧ ಖಾಲಿಯಾದ ಒಂದು ಸ್ಟ್ರಿಪ್ ಇತ್ತು. ಹಿಂಬದಿಯ ಅಕ್ಷರ ದೊಡ್ಡದು ಮಾಡಿ ಓದಿದೆ. ಅಸಿಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325. ಕೇಳಿದಾಗ "ಅದು ಔಷಧಿ ಅಲ್ಲ ಸರ್, ಮಂಡಿ ನೋವಿನ ಗುಳಿಗೆ, ಮೆಡಿಕಲ್‌ನಲ್ಲಿ ಹಾಗೇ ಕೊಡುತ್ತಾರೆ" ಅಂದಿರಿ. ಡಾಕ್ಟರಿಗೆ ಹೇಳಿದ್ದೀರಾ ಅಂದರೆ ಇಲ್ಲ. ನಾನು ಈ ಕೆಲಸದಲ್ಲಿ ದಿನಾ ನೋಡುವ ವಿಷಯ ಇದು. ಚೀಟಿಯಲ್ಲಿ ಬರೆದದ್ದು ಮಾತ್ರ ಔಷಧಿ ಅಂತ ಜನ ಎಣಿಸುತ್ತಾರೆ. ನೋವಿನ ಗುಳಿಗೆ, ನೆಗಡಿ ಗುಳಿಗೆ, ಆಸಿಡಿಟಿ ಗುಳಿಗೆ ಲೆಕ್ಕಕ್ಕೇ ಬರುವುದಿಲ್ಲ.

ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್, ಇವೆಲ್ಲ ಒಂದೇ ಜಾತಿಯ ನೋವಿನ ಗುಳಿಗೆಗಳು. ಇವು ಕಿಡ್ನಿಗೆ ಒಳಹೋಗುವ ರಕ್ತವನ್ನು ಸ್ವಲ್ಪ ತಗ್ಗಿಸುತ್ತವೆ. ಟೆಲ್ಮಿಸಾರ್ಟನ್ ಕಿಡ್ನಿಯಿಂದ ರಕ್ತ ಹೊರಹೋಗುವ ದಾರಿಯನ್ನು ಸಡಿಲಿಸುತ್ತದೆ. ಒಂದೊಂದೇ ಇದ್ದರೆ ಕಿಡ್ನಿ ಹೊಂದಿಸಿಕೊಳ್ಳುತ್ತದೆ. ಎರಡೂ ಸೇರಿದರೆ ಒಳಗಿನ ಒತ್ತಡ ಬಿದ್ದು, ರಕ್ತ ಸೋಸುವ ಕೆಲಸವೇ ಕುಗ್ಗುತ್ತದೆ. ಮೂರನೆಯದಾಗಿ ಮೂತ್ರ ಜಾಸ್ತಿ ಮಾಡಿಸುವ ಬಿ.ಪಿ. ಗುಳಿಗೆಯೂ ಇದ್ದರೆ, ಅಥವಾ ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ, ಕೆಲವೇ ದಿನಗಳಲ್ಲಿ ಕಿಡ್ನಿ ಕೈಕೊಡಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಹೊಟ್ಟೆ ಕೆಡುವುದು ಹೊಸದೇನಲ್ಲ, ಅಂಥ ದಿನ ನೋವಿನ ಗುಳಿಗೆ ಮುಟ್ಟಲೇಬೇಡಿ. ಬಿ.ಪಿ. ಮತ್ತು ಶುಗರ್ ಗುಳಿಗೆ ಆ ದಿನಗಳಲ್ಲಿ ಹೇಗೆ ಅಂತಲೂ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಮೂತ್ರ ಕಡಿಮೆಯಾಗುವುದು, ಪಾದ ಊದುವುದು, ಕಾರಣವಿಲ್ಲದೆ ಸುಸ್ತು, ಇವು ಕಿಡ್ನಿಯ ಗುರುತು. ಮಲ ಟಾರಿನಂತೆ ಕಪ್ಪಾದರೆ ಹೊಟ್ಟೆಯೊಳಗೆ ರಕ್ತ ಹೋಗುತ್ತಿದೆ ಅಂತ ತಿಳಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

"ಜೊತೆಗೆ ಆಸಿಡಿಟಿ ಗುಳಿಗೆ ಕೊಡುತ್ತೇನಲ್ಲ, ಏನೂ ಆಗುವುದಿಲ್ಲ" ಅನ್ನುವ ನಂಬಿಕೆ ಬಹಳ ಗಟ್ಟಿಯಾಗಿದೆ. ಪ್ಯಾಂಟೊಪ್ರಜೋಲ್ ಹೊಟ್ಟೆಯನ್ನು ಸಾಕಷ್ಟು ಕಾಪಾಡುತ್ತದೆ, ಅದು ನಿಜ. ಕಿಡ್ನಿಯನ್ನು ಕಾಪಾಡುವುದಿಲ್ಲ. ಬಿ.ಪಿ. ಏರುವುದನ್ನೂ ತಡೆಯುವುದಿಲ್ಲ. ಹೌದು, ಈ ನೋವಿನ ಗುಳಿಗೆಗಳಿಂದ ಬಿ.ಪಿ. ಏರುತ್ತದೆ. ಆಸ್ಪತ್ರೆಯಲ್ಲಿ ಅಮ್ಲೋಡಿಪಿನ್ ಸೇರಿಸುವಷ್ಟು ಬಿ.ಪಿ. ಏರಲು ಈ ಗುಳಿಗೆಯದ್ದೂ ಒಂದು ಪಾಲು ಇದ್ದಿರಬಹುದು. ಇದನ್ನು ಡಾಕ್ಟರಿಗೆ ಹೇಳಿದ್ದಕ್ಕೇ ಅವರು ಕಿಡ್ನಿ ಹೇಗಿದೆ ಅಂತ ನೋಡಲು ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ರಕ್ತ ಪರೀಕ್ಷೆ ಬರೆದರು.

ಮಂಡಿ ನೋವಿಗೆ ಏನು ಮಾಡಬೇಕು ಹಾಗಾದರೆ? ನೋವು ಸಹಿಸಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಬರೀ ಪ್ಯಾರಾಸಿಟಮಾಲ್ ಈ ವಯಸ್ಸಿಗೆ ಹೆಚ್ಚು ಸುರಕ್ಷಿತ, ಆದರೆ ಮಂಡಿ ಸವೆತದ ನೋವಿಗೆ ಅದರ ಶಕ್ತಿ ಸ್ವಲ್ಪವೇ. ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ರಕ್ತಕ್ಕೆ ಹೋಗುವ ಪ್ರಮಾಣ ಗುಳಿಗೆಗಿಂತ ಬಹಳ ಕಡಿಮೆ, ಮಂಡಿಗೆ ಅದು ಕೆಲಸವನ್ನೂ ಮಾಡುತ್ತದೆ. ಕಿಡ್ನಿ ರಿಪೋರ್ಟ್ ಬಂದ ಮೇಲೆ ಡಾಕ್ಟರನ್ನು ಕೇಳಿ ಶುರು ಮಾಡಿ. ತೊಡೆಯ ಮುಂಭಾಗದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿತರೆ ಗುಳಿಗೆಯ ಹಂಗೇ ಕಡಿಮೆಯಾಗುತ್ತದೆ.

ಪ್ಯಾರಾಸಿಟಮಾಲ್ ಸುರಕ್ಷಿತ ಅಂದೆ, ಅದಕ್ಕೂ ಲೆಕ್ಕ ಇದೆ. ಯಜಮಾನರು ಮೈಕೈ ನೋವಿಗೆ 650ರ ಗುಳಿಗೆ ದಿನಕ್ಕೆ ಮೂರು ತೆಗೆದುಕೊಳ್ಳುತ್ತಿದ್ದರು. ಅದು 1950 ಮಿಲಿಗ್ರಾಂ. ಮಂಡಿ ಗುಳಿಗೆಯೊಳಗಿನ 325, ಎರಡು ಸಲ, 650. ಒಟ್ಟು 2600. ದೊಡ್ಡವರಿಗೆ ದಿನಕ್ಕೆ 4000 ಮಿತಿ, ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ ಡಾಕ್ಟರು ಸಾಮಾನ್ಯವಾಗಿ 3000ದ ಒಳಗೇ ಇಡುತ್ತಾರೆ. ಇಲ್ಲಿಯವರೆಗೆ ಸರಿ. ಆದರೆ ನಡುವೆ ಒಮ್ಮೆ ನೆಗಡಿಯಾಗಿ 500 ಪ್ಯಾರಾಸಿಟಮಾಲ್ ಇರುವ ನೆಗಡಿ ಗುಳಿಗೆ ಮೂರು ಹೊತ್ತು ಸೇರಿದ್ದರೆ 4100 ಆಗಿಬಿಡುತ್ತಿತ್ತು. ಮೂರು ಬೇರೆ ಬೇರೆ ಹೆಸರು, ಮೂರು ಬೇರೆ ಕಾಯಿಲೆಗೆ, ಒಳಗೆ ಒಂದೇ ಔಷಧಿ. ಜಾಸ್ತಿಯಾದರೆ ಪೆಟ್ಟು ಬೀಳುವುದು ಲಿವರ್‌ಗೆ, ಅದು ಮೊದಲ ದಿನ ಗೊತ್ತೂ ಆಗುವುದಿಲ್ಲ.

ಹಾಗಾದರೆ ಮನೆಯಲ್ಲೇ ಇದನ್ನು ಹಿಡಿಯುವುದು ಹೇಗೆ? ಸ್ಟ್ರಿಪ್‌ನಲ್ಲಿ ಎರಡು ಹೆಸರು ಇರುತ್ತವೆ. ಒಂದು ಕಂಪನಿ ಇಟ್ಟ ಹೆಸರು, ಅದನ್ನು ಬಿಟ್ಟುಬಿಡಿ. ಇನ್ನೊಂದು ಔಷಧಿಯ ನಿಜವಾದ ಹೆಸರು. 2018ರಿಂದ ಇರುವ ನಿಯಮದ ಪ್ರಕಾರ ಒಂದೇ ಔಷಧಿ ಇರುವ ಗುಳಿಗೆಯ ಮೇಲೆ ನಿಜವಾದ ಹೆಸರು ಕಂಪನಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕು. ಎರಡು ಮೂರು ಔಷಧಿ ಸೇರಿದ ಗುಳಿಗೆಯಾದರೆ ಬೆಳ್ಳಿ ಹಾಳೆಯ ಮೇಲೆ ಸಣ್ಣದಾಗಿ ಒಂದರ ಕೆಳಗೊಂದು ಬರೆದಿರುತ್ತಾರೆ. ಕನ್ನಡಕದಲ್ಲೂ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಆ ಹೆಸರು ಮತ್ತು ಪಕ್ಕದ ಅಂಕಿಯನ್ನು ಕಾಗದಕ್ಕೆ ಇಳಿಸಿ. ಒಂದೇ ಹೆಸರು ಎರಡು ಸಾಲಿನಲ್ಲಿ ಬಂದರೆ ಅಲ್ಲಿಗೆ ನಿಲ್ಲಿ, ಕೇಳಿ.

ಕಂಪನಿ ಹೆಸರಿನ ಕೊನೆಯ ಅಕ್ಷರ ನಂಬಿ ಕೂರಬೇಡಿ. ಬಿ.ಪಿ. ಗುಳಿಗೆಯಲ್ಲಿ ಎಎಂ ಇದ್ದರೆ ಸಾಮಾನ್ಯವಾಗಿ ಅಮ್ಲೋಡಿಪಿನ್, ಎಚ್ ಇದ್ದರೆ ಮೂತ್ರ ಮಾಡಿಸುವ ಔಷಧಿ, ನೋವಿನ ಗುಳಿಗೆಯಲ್ಲಿ ಪಿ ಇದ್ದರೆ ಪ್ಯಾರಾಸಿಟಮಾಲ್. ಆದರೆ ಇದು ಕಂಪನಿಗಳ ರೂಢಿ ಅಷ್ಟೇ, ಕಾನೂನಲ್ಲ. ಎಂ ಅಂದರೆ ಶುಗರ್ ಗುಳಿಗೆಯಲ್ಲಿ ಮೆಟ್‌ಫಾರ್ಮಿನ್, ಬಿ.ಪಿ. ಗುಳಿಗೆಯಲ್ಲಿ ಮೆಟೊಪ್ರೊಲಾಲ್, ಅಲರ್ಜಿ ಗುಳಿಗೆಯಲ್ಲಿ ಮಾಂಟೆಲುಕಾಸ್ಟ್ ಇರಬಹುದು.

ಆದರೆ ಔಷಧಿಯ ನಿಜವಾದ ಹೆಸರಿನ ಬಾಲ ನೋಡಲೇಬೇಕಾದದ್ದು. ಕೊನೆಗೆ ಸಾರ್ಟನ್ ಅಂತ ಇರುವುದೆಲ್ಲ ಒಂದು ಕುಟುಂಬ, ಸ್ಟಾಟಿನ್ ಇನ್ನೊಂದು, ಪ್ರಜೋಲ್ ಮತ್ತೊಂದು. ಊರಿನ ಡಾಕ್ಟರು ಲೊಸಾರ್ಟನ್, ಇಲ್ಲಿಯವರು ಟೆಲ್ಮಿಸಾರ್ಟನ್ ಬರೆದಿದ್ದರೆ ಹೆಸರು ಒಂದೇ ಅಲ್ಲ, ಆದರೂ ಅದು ಒಂದೇ ಕೆಲಸದ ಎರಡು ಗುಳಿಗೆ. ಪ್ಯಾಂಟೊಪ್ರಜೋಲ್ ಜೊತೆಗೆ ರಾಬೆಪ್ರಜೋಲ್ ಕಂಡರೂ ಅಷ್ಟೇ. ಒಂದೇ ಬಾಲ ಎರಡು ಕಡೆ ಕಂಡರೆ ಕೇಳಲೇಬೇಕು.

"ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರು, ಅದು ಕಡಿಮೆ ಪವರ್" ಅಂತ ಕೂಟದಲ್ಲಿ ಒಬ್ಬರು ಹೇಳಿದರು. ಔಷಧಿಯ ಹೆಸರು, ಅಂಕಿ, ಎಸ್‌ಆರ್ ಇತ್ಯಾದಿ ಎಲ್ಲವೂ ಒಂದೇ ಇದ್ದರೆ ಅದು ಅದೇ ಔಷಧಿ. ಕಂಪನಿ ಬದಲಾದ ಮಾತ್ರಕ್ಕೆ ಕಡಿಮೆ ಪವರ್ ಆಗುವುದಿಲ್ಲ. ಜನೌಷಧಿ ಕೇಂದ್ರದ್ದೂ ಹಾಗೆಯೇ. ಥೈರಾಕ್ಸಿನ್ ಮತ್ತು ಫಿಟ್ಸ್ ಗುಳಿಗೆಗಳಲ್ಲಿ ಮಾತ್ರ ಕಂಪನಿಯನ್ನು ಪದೇ ಪದೇ ಬದಲಿಸದೆ ಒಂದರಲ್ಲೇ ಇರುವುದು ಒಳ್ಳೆಯದು, ಅವುಗಳಲ್ಲಿ ಸಣ್ಣ ವ್ಯತ್ಯಾಸವೂ ಮೈಗೆ ಗೊತ್ತಾಗುತ್ತದೆ. ಇನ್ನು, ಚೀಟಿ ಬೇಕಾದ ಔಷಧಿಯನ್ನು ಅಂಗಡಿಯವರು ತಾವಾಗಿಯೇ ಬದಲಿಸಿ ಕೊಡುವಂತಿಲ್ಲ, ನಿಯಮ ಹಾಗಿದೆ. ಆದರೂ ಕೊಡುತ್ತಾರೆ, ನನ್ನ ವೃತ್ತಿಯವರ ಬಗ್ಗೆ ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ. ಬೇರೆ ಹೆಸರಿನದು ಕೈಗೆ ಬಂದರೆ "ಇದು ಯಾವುದರ ಬದಲಿಗೆ?" ಅಂತ ಅಲ್ಲೇ ಕೇಳಿ. ಹಳೆಯ ಸ್ಟ್ರಿಪ್ ತೋರಿಸಿ, ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಮಾತಿನಲ್ಲಿ ಕೇಳಿದ್ದು ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ. ಚೀಟಿ ಇಂಗ್ಲಿಷಿನಲ್ಲಿ, ಅಂಗಡಿಯವರು ಹೇಳುವುದು ಮರಾಠಿಯಲ್ಲಿ, ನಾವು ನೆನಪಿಟ್ಟುಕೊಳ್ಳುವುದು ಕನ್ನಡದಲ್ಲಿ, ನಡುವೆ ಏನಾದರೂ ಜಾರುತ್ತದೆ.

ನಿಮ್ಮ ಡಬ್ಬಿಯ ಬಗ್ಗೆಯೂ ಒಂದು ಮಾತು. ಗುಳಿಗೆಗಳನ್ನು ಒಂದೊಂದಾಗಿ ಕತ್ತರಿಸಿ ಹಾಕಿದ್ದೀರಿ, ಕೊಡಲು ಸುಲಭ ಅಂತ. ಆದರೆ ಎಕ್ಸ್‌ಪೈರಿ ತಿಂಗಳು ಸಾಮಾನ್ಯವಾಗಿ ಸ್ಟ್ರಿಪ್‌ನ ಒಂದು ತುದಿಯಲ್ಲಿ ಮಾತ್ರ ಒತ್ತಿರುತ್ತಾರೆ. ಕತ್ತರಿಸಿದಾಗ ಅದು ಒಂದು ತುಂಡಿನಲ್ಲಿ ಉಳಿಯುತ್ತದೆ, ಹೆಸರು ಅರ್ಧರ್ಧ ಹರಿಯುತ್ತದೆ. ಫೋಟೋದಲ್ಲಿದ್ದ ಒಂದು ತುಂಡಿನ ಮೇಲೆ ನನಗೆ ಕಂಡದ್ದು ಬರೀ "ಮೆಟ್" ಮತ್ತು 50. ಅದು ಮೆಟ್‌ಫಾರ್ಮಿನ್ 500ರ ಹರಿದ ಅಂಕಿಯೋ, ಮೆಟೊಪ್ರೊಲಾಲ್ 50ಯೋ ಹೇಗೆ ಹೇಳುವುದು? ಮೊದಲನೆಯದು ಶುಗರ್‌ಗೆ, ಎರಡನೆಯದು ಹೃದಯಕ್ಕೆ. ಅಂಥ ತುಂಡನ್ನು ಊಹಿಸಿ ಕೊಡುವ ಬದಲು ಎಸೆದುಬಿಡುವುದೇ ಸರಿ. ಸ್ಟ್ರಿಪ್ ಇಡಿಯಾಗಿರಲಿ, ಎಕ್ಸ್‌ಪೈರಿ ಇರುವ ತುದಿಯ ಗುಳಿಗೆಯನ್ನು ಕೊನೆಗೆ ತೆಗೆಯಿರಿ. ಆ ತಿಂಗಳ ಕೊನೆಯ ದಿನದವರೆಗೂ ಬಳಸಬಹುದು. ಡಬ್ಬಿಯನ್ನು ಗ್ಯಾಸ್ ಒಲೆಯ ಮೇಲಿನ ಕಪಾಟಿನಲ್ಲಿ, ಬಾತ್‌ರೂಮಿನಲ್ಲಿ ಇಡಬೇಡಿ. ನಮ್ಮ ಜೂನ್, ಜುಲೈ ತೇವಕ್ಕೆ ಹೊರಗೆ ತೆಗೆದಿಟ್ಟ ಗುಳಿಗೆ ಮೆತ್ತಗಾಗಿ ಬಣ್ಣ ಬಿಡುತ್ತದೆ. ವಾರದ ಖಾನೆಗಳಿರುವ ಡಬ್ಬಿ ಬಳಸಬೇಕೆಂದಿದ್ದರೆ ಒಂದು ವಾರಕ್ಕಷ್ಟೇ ತುಂಬಿಸಿ, ಸ್ಟ್ರಿಪ್ ಎಸೆಯದೆ ಪಕ್ಕದಲ್ಲೇ ಇಡಿ.

ನಿಲ್ಲಿಸಿದ ಗುಳಿಗೆಗಳನ್ನು "ಇರಲಿ, ಬೇಕಾದೀತು" ಅಂತ ಅದೇ ಡಬ್ಬಿಯಲ್ಲಿ ಇಡಬೇಡಿ. ಮುಂದಿನ ತಿಂಗಳು ಮೊಮ್ಮಗಳೋ ಕೆಲಸದವರೋ ತೆಗೆದುಕೊಡುವಾಗ ಮತ್ತೆ ಸೇರಿಕೊಳ್ಳುತ್ತವೆ. ನಿಮ್ಮ ಹಳೆಯ ಟೆಲ್ಮಿಸಾರ್ಟನ್ ಬೇರೆ ಕವರಿಗೆ ಹಾಕಿ, ಮೇಲೆ "ನಿಲ್ಲಿಸಿದ್ದು" ಅಂತ ತಾರೀಖು ಹಾಕಿ, ಡಾಕ್ಟರ ಮುಂದಿನ ಭೇಟಿಯವರೆಗೆ ಮಾತ್ರ ಕಪಾಟಿನ ಮೇಲಿಡಿ. ಅವರು ಖಂಡಿತ ಬೇಡ ಅಂದ ಮೇಲೆ ಸ್ಟ್ರಿಪ್‌ನಿಂದ ಬಿಡಿಸಿ, ಚಹಾ ಚರಟದಲ್ಲಿ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಪಕ್ಕದವರಿಗೂ ಬಿ.ಪಿ. ಇದೆ ಅಂತ ಕೊಡಬೇಡಿ.

ನೀವು ಫೋನಿನಲ್ಲಿ ಓದಿ ಹೇಳಿದ ಈ ವಾರದ ಅಂಕಿಗಳು ಚೆನ್ನಾಗಿವೆ. ಮಲಗಿದ್ದಾಗ 130/76, ನಿಂತಾಗ 122/74. ಊಟಕ್ಕೆ ಮುಂಚಿನ ಶುಗರ್ 108. ಇನ್ನೂ ಎರಡು ವಾರ ಬೆಳಗ್ಗೆ ಹೀಗೇ ಅಳೆದು ಬರೆದಿಡಿ, ಏಕೆಂದರೆ ನೋವಿನ ಗುಳಿಗೆ ನಿಂತಿರುವುದರಿಂದ ಬಿ.ಪಿ. ಇನ್ನಷ್ಟು ಇಳಿಯಬಹುದು, ಆಗ ಅಮ್ಲೋಡಿಪಿನ್ ಬೇಕೋ ಬೇಡವೋ ಅಂತ ಡಾಕ್ಟರು ಮತ್ತೆ ಯೋಚಿಸುತ್ತಾರೆ. ಕ್ರಿಯಾಟಿನಿನ್ ರಿಪೋರ್ಟ್ ಬಂದ ಕೂಡಲೇ ಅವರಿಗೆ ಕಳಿಸಿ. ಈಗಿನ ಪಟ್ಟಿಯ ಒಂದು ಪ್ರತಿಯನ್ನು ಧಾರವಾಡದ ಡಾಕ್ಟರಿಗೂ ಕಳಿಸಿಬಿಡಿ. ಗಣಪತಿ ಹಬ್ಬಕ್ಕೆ ಊರಿಗೆ ಹೋದಾಗ ಅವರು ತಮ್ಮ ಹಳೆಯ ಫೈಲ್ ನೋಡಿ ಮತ್ತೆ ಅದೇ ಟೆಲ್ಮಿಸಾರ್ಟನ್ 40 ಬರೆದುಕೊಡುವ ಸಾಧ್ಯತೆ ಇದೆ.